ಹತ್ತು ಹಳೆ ಕಂಪ್ಯೂಟರ್, ಎಂಟು ಪಾಠದ ಮೇಜು

ಚಿತ್ರದುರ್ಗ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಬೆಂಗಳೂರಿನ ಕಚೇರಿಯೊಂದು ಹತ್ತು ಹಳೆಯ ಕಂಪ್ಯೂಟರ್ ಕೊಟ್ಟಿತು. ಗೂಡ್ಸ್ ಟೆಂಪೊದಿಂದ ಇಳಿಸಿ ಮುಚ್ಚಳ ಬಿಚ್ಚಿದಾಗ ನಾಲ್ಕರಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಕಚೇರಿಯ ಗುಟ್ಟುಗಳು ಹೊರಹೋಗಬಾರದೆಂದು ಕಂಪನಿಗಳು ಡಿಸ್ಕ್ ಕಳಚಿಕೊಂಡು ಉಳಿದದ್ದನ್ನು ದಾನ ಕೊಡುವುದು ಸಾಮಾನ್ಯ. ಉಳಿದ ಆರರಲ್ಲಿ ವಿಂಡೋಸ್ 7 ಇತ್ತು. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತದ್ದು 2020ರ ಜನವರಿಯಲ್ಲಿ.

ಆ ಶಾಲೆಯ ಗಣಿತದ ಮೇಷ್ಟ್ರು ಕಂಪ್ಯೂಟರ್ ಓದಿದವರಲ್ಲ. ಊರಿನಿಂದ ಡಿಪ್ಲೊಮಾ ಮುಗಿಸಿ ಬೆಂಗಳೂರು ಸೇರಿದ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಸಿಗುತ್ತಿದ್ದ, ಅಷ್ಟೇ ಅವರ ನೆರವು. ಅವರ ಕೆಲಸವನ್ನು ಇಲ್ಲಿ ವಿವರವಾಗಿ ಹೇಳಲು ಕಾರಣವಿದೆ. ಹಳೆಯ ಕಂಪ್ಯೂಟರ್ ನಿಧಾನ ಎಂದಾಗ ನಾವೆಲ್ಲ ಪ್ರೊಸೆಸರ್ ಮೇಲೆ ತಪ್ಪು ಹೊರಿಸುತ್ತೇವೆ. ನಿಜವಾಗಿ ಕಾಯಿಸುವುದು ಬಹಳ ಸಲ ಬೇರೆ ಎರಡು ಭಾಗಗಳು. ಮೇಷ್ಟ್ರು ಅದನ್ನು ಕಂಡುಕೊಂಡ ದಾರಿ ಯಾವ ಶಾಲೆಗೂ ದಕ್ಕುವಂಥದ್ದು.

ಮೊದಲು ಅವರು ಇದ್ದ ವಿಂಡೋಸ್ ಮೇಲೆಯೇ ಪ್ರಯತ್ನಿಸಿದರು. ಬ್ರೌಸರ್ ತೆರೆದು ಒಂದು ಗಣಿತದ ಆಟ ಹಾಕಿದರೆ ಚಿತ್ರ ಅರ್ಧ ಬಂದು ನಿಲ್ಲುತ್ತಿತ್ತು. ಮಕ್ಕಳು ಮತ್ತೆ ಮತ್ತೆ ಮೌಸ್ ಒತ್ತುತ್ತಿದ್ದರು. ಆಗ ಆರನೇ ತರಗತಿಯ ಹುಡುಗಿಯೊಬ್ಬಳು, "ಸಾರ್, ಈ ಕೆಂಪು ಲೈಟು ಆರ್ತಾನೇ ಇಲ್ಲ" ಎಂದು ಡಬ್ಬದ ಮುಂಭಾಗ ತೋರಿಸಿದಳು. ಅದು ಹಾರ್ಡ್ ಡಿಸ್ಕ್ ದೀಪ. ಫೋನಿನಲ್ಲಿದ್ದ ಶಿಷ್ಯನಿಗೆ ಇಷ್ಟು ಹೇಳಿದ್ದೇ ಸಾಕಾಯಿತು. "ಹಾಗಾದ್ರೆ ಪ್ರೊಸೆಸರ್ ಅಲ್ಲ ಸಾರ್, ರ‍್ಯಾಮ್ ಸಾಲ್ತಿಲ್ಲ" ಎಂದ.

ಇದನ್ನು ಅರ್ಥಮಾಡಿಕೊಳ್ಳಲು ಬಿಸಿಯೂಟದ ಅಡುಗೆಮನೆಯನ್ನೇ ನೆನೆಯಬಹುದು. ರ‍್ಯಾಮ್ ಎಂದರೆ ಒಲೆಯ ಪಕ್ಕದ ಕಟ್ಟೆ, ಹಾರ್ಡ್ ಡಿಸ್ಕ್ ಎಂದರೆ ಉಗ್ರಾಣ. ಕಟ್ಟೆ ಚಿಕ್ಕದಾದರೆ ಉಪ್ಪು ತರಲು ಬೇಳೆ ಒಳಗಿಡಬೇಕು, ಬೇಳೆ ಬೇಕಾದಾಗ ಉಪ್ಪು ಒಳಗಿಡಬೇಕು. ಅಡುಗೆಯವರು ಎಷ್ಟೇ ಚುರುಕಾಗಿದ್ದರೂ ಹೊತ್ತು ಓಡಾಟದಲ್ಲೇ ಕಳೆಯುತ್ತದೆ. ಕಂಪ್ಯೂಟರ್ ಕೂಡ ರ‍್ಯಾಮ್ ತುಂಬಿದಾಗ ಅದರಲ್ಲಿದ್ದದ್ದನ್ನು ಡಿಸ್ಕಿಗೆ ಬರೆದು ಜಾಗ ಮಾಡಿಕೊಳ್ಳುತ್ತದೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಮಾಹಿತಿ ಇರುವ ಜಾಗಕ್ಕೆ ಮುಳ್ಳು ತಲುಪಲು ಸುಮಾರು 10 ಮಿಲಿಸೆಕೆಂಡ್ ಬೇಕು. ಒಂದು ಸಲಕ್ಕೆ ಇದು ಏನೂ ಅಲ್ಲ, ಸಾವಿರ ಸಲವಾದರೆ ಹತ್ತು ಸೆಕೆಂಡ್. ದೀಪ ಆರದೆ ಉರಿಯುವುದು ಈ ಓಡಾಟದ ಗುರುತು.

ಹೀಗಾಗಿ ಮೇಷ್ಟ್ರು ಮೊದಲು ಮಾಡಿದ್ದು ರ‍್ಯಾಮ್ ಲೆಕ್ಕ. ಆರು ಡಬ್ಬಗಳಲ್ಲಿ ಒಂದು ಜಿಬಿಯ ಎರಡೆರಡು ಪಟ್ಟಿಗಳಿದ್ದವು. ನಾಲ್ಕರಲ್ಲಿ ಒಂದೊಂದೇ ಪಟ್ಟಿ, ಪಕ್ಕದ ಜಾಗ ಖಾಲಿ. ಎರಡು ಪಟ್ಟಿಯ ಆರರಲ್ಲಿ ಎರಡು ಏನು ಮಾಡಿದರೂ ಶುರುವಾಗಲಿಲ್ಲ. ಅವುಗಳ ಮದರ್‌ಬೋರ್ಡಿನಲ್ಲಿ ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ಕೆಪಾಸಿಟರಿನ ಮೇಲ್ಭಾಗ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಅಂಟು ಒಸರಿದ್ದರೆ ಆ ಬೋರ್ಡಿನ ಮೇಲೆ ಹೊತ್ತು ಕಳೆಯುವುದು ದಂಡ. ಅವರು ಆ ಎರಡನ್ನು ಬಿಡಿಭಾಗದ ಕಣಜವೆಂದು ಬದಿಗಿಟ್ಟು ಅವುಗಳ ನಾಲ್ಕು ಪಟ್ಟಿಗಳನ್ನು ಒಂದೇ ಪಟ್ಟಿಯ ನಾಲ್ಕು ಡಬ್ಬಗಳಿಗೆ ಹಾಕಿದರು. ಈಗ ಎಂಟು ಕಂಪ್ಯೂಟರ್, ಎಂಟರಲ್ಲೂ 2 ಜಿಬಿ. ಹೊಸ ಪಟ್ಟಿ ಹಾಕಿದಾಗ ಒಂದು ಡಬ್ಬ ಬೀಪ್ ಬೀಪ್ ಎಂದು ಕೂಗಿ ಪರದೆ ಕಪ್ಪಾಗಿಯೇ ಉಳಿಯಿತು. ಪಟ್ಟಿಯ ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒರೆಸಿ, ಪುಡಿ ಕೊಡವಿ ಹಾಕಿದ ಮೇಲೆ ಅದೂ ಎದ್ದಿತು.

ಡಿಸ್ಕುಗಳ ಲೆಕ್ಕ ಅಷ್ಟು ಸಲೀಸಾಗಲಿಲ್ಲ. ಇದ್ದ ಆರರಲ್ಲಿ ಒಂದು ಓದುವಾಗ ಟಕ್ ಟಕ್ ಸದ್ದು ಮಾಡುತ್ತಿತ್ತು. ಆ ಸದ್ದು ಬಂದ ಡಿಸ್ಕನ್ನು ನಂಬಬಾರದು. ಉಳಿದದ್ದು ಐದು. ಎಸ್‌ಡಿಎಂಸಿ ಹಣದಲ್ಲಿ 120 ಜಿಬಿಯ ಮೂರು ಎಸ್‌ಎಸ್‌ಡಿ ತರಿಸಿದರು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ಮುಳ್ಳಿಲ್ಲ, ಹಾಗಾಗಿ ಆ ಹುಡುಕಾಟವೇ ಇಲ್ಲ. ಹಳೆಯ ಕಂಪ್ಯೂಟರಿಗೆ ಹಣ ಹಾಕುವುದಾದರೆ ಮೊದಲ ರೂಪಾಯಿ ಇದಕ್ಕೇ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

2 ಜಿಬಿ ಒಳಗೆ ಏನು ಹಿಡಿಸುತ್ತದೆ ಎಂಬುದು ಮುಂದಿನ ಪ್ರಶ್ನೆ. ಶಿಷ್ಯ ಡೆಬಿಯನ್ 12 ಎಂಬ ಲಿನಕ್ಸ್ ಸೂಚಿಸಿದ. ಅದನ್ನು ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಡೆಸ್ಕ್‌ಟಾಪ್ ಜೊತೆ ಹಾಕಿದರೆ ಶುರುವಾದಾಗ ಸುಮಾರು ಅರ್ಧ ಜಿಬಿ ಮಾತ್ರ ಬಳಕೆಯಾಗುತ್ತದೆ. ಒಂದೂವರೆ ಜಿಬಿ ಪಾಠಕ್ಕೆ ಉಳಿಯುತ್ತದೆ. ಇವೆಲ್ಲ ಕೋರ್ 2 ಡ್ಯುಯೊ ಪ್ರೊಸೆಸರಿನವು, 64 ಬಿಟ್ ಕೆಲಸಕ್ಕೆ ಬರುವಂಥವು. ಇನ್ನೂ ಹಳೆಯ 32 ಬಿಟ್ ಯಂತ್ರ ಸಿಕ್ಕವರು ಒಂದು ಸಂಗತಿ ತಿಳಿದಿರಬೇಕು. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ ಅಂಥ ಯಂತ್ರಕ್ಕೆ ಇನ್‌ಸ್ಟಾಲರ್ ಇಲ್ಲ, ಅವರಿಗೆ 12ನೇ ಆವೃತ್ತಿಯೇ ಗತಿ.

ಇನ್‌ಸ್ಟಾಲ್ ಆದ ಮೇಲೆ ಪಾಠದ ತಂತ್ರಾಂಶ ಇಳಿಸುವ ಆಜ್ಞೆ ಇಷ್ಟೇ:

```
sudo apt update
sudo apt install gcompris-qt tuxpaint tuxmath fonts-knda zram-tools
```

ಮೊದಲ ಸಾಲಿಗೇ ತಪ್ಪು ಬಂತು. ಡೆಬಿಯನ್ ಸರ್ವರಿನ ಕಡತ "is not valid yet" ಎಂದು ಪರದೆ ಹೇಳಿತು. ಮೇಷ್ಟ್ರು ಇಂಟರ್ನೆಟ್ ಸರಿಯಿಲ್ಲವೆಂದು ಡಾಂಗಲ್ ಬದಲಿಸಿದರು, ಮೊಬೈಲಿನಿಂದ ಹಾಟ್‌ಸ್ಪಾಟ್ ಕೊಟ್ಟರು. ಕಾರಣ ಬೇರೆಯೇ ಇತ್ತು. ಪರದೆಯ ಮೂಲೆಯ ಗಡಿಯಾರ ಹಲವು ವರ್ಷ ಹಿಂದಿನ ದಿನಾಂಕ ತೋರಿಸುತ್ತಿತ್ತು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಹೆಸರು CR2032. ಅದು ಸತ್ತಿದ್ದರೆ ವಿದ್ಯುತ್ ಹೋದಾಗಲೆಲ್ಲ ಕಂಪ್ಯೂಟರ್ ದಿನಾಂಕ ಮರೆಯುತ್ತದೆ. ಅದರ ಲೆಕ್ಕದಲ್ಲಿ ಸರ್ವರಿನ ಇಂದಿನ ಕಡತ ಇನ್ನೂ ಹುಟ್ಟಿಯೇ ಇಲ್ಲ, ಆದ್ದರಿಂದ ಒಪ್ಪುವುದಿಲ್ಲ. ಶುರುವಾಗುವಾಗ ಪ್ರತಿ ಸಲ F1 ಒತ್ತಲು ಕೇಳುವುದೂ ಇದೇ ರೋಗದ ಲಕ್ಷಣ. ಗಡಿಯಾರದ ಅಂಗಡಿಯಲ್ಲಿ ಸಿಗುವ ಬ್ಯಾಟರಿ ಹಾಕಿ, ದಿನಾಂಕ ಸರಿಮಾಡಿದ ಕೂಡಲೇ ಎಲ್ಲವೂ ಇಳಿಯಿತು.

ಆ ಪಟ್ಟಿಯ ಕೊನೆಯ ಹೆಸರು ರ‍್ಯಾಮ್‌ಗೆ ಸಂಬಂಧಿಸಿದ್ದು. ರ‍್ಯಾಮ್ ತುಂಬತೊಡಗಿದಾಗ ಅದರೊಳಗಿನ ಮಾಹಿತಿಯನ್ನು ಡಿಸ್ಕಿಗೆ ಕಳಿಸುವ ಮೊದಲು ರ‍್ಯಾಮಿನಲ್ಲೇ ಒತ್ತಿ ಮಡಚಿಡುವ ಏರ್ಪಾಡು ಅದು. ಮಡಚಲು ಪ್ರೊಸೆಸರಿಗೆ ಸ್ವಲ್ಪ ಶ್ರಮವಾಗುತ್ತದೆ ನಿಜ. ಆದರೆ ಅದು ಹೇಗೂ ಬಿಡುವಾಗಿ ಡಿಸ್ಕಿನ ದಾರಿ ಕಾಯುತ್ತಿತ್ತು. `/etc/default/zramswap` ಕಡತದಲ್ಲಿ `PERCENT=50` ಎಂದು ಬರೆದದ್ದು ಬಿಟ್ಟರೆ ಮೇಷ್ಟ್ರು ಮತ್ತೇನೂ ಮುಟ್ಟಲಿಲ್ಲ. ಕೆಂಪು ದೀಪ ಈಗ ಮಿನುಗಿ ಆರುತ್ತದೆ.

ಜಿಕಾಂಪ್ರಿ ಎಂಬುದು 2000ದಲ್ಲಿ ಫ್ರಾನ್ಸಿನಲ್ಲಿ ಶುರುವಾದ, ಈಗ ಕೆಡಿಇ ಬಳಗ ನೋಡಿಕೊಳ್ಳುವ ಉಚಿತ ತಂತ್ರಾಂಶ. ಮೌಸ್ ಹಿಡಿಯುವುದರಿಂದ ಹಿಡಿದು ಎಣಿಕೆ, ತಕ್ಕಡಿ, ನೀರಿನ ಚಕ್ರ, ವಿದ್ಯುತ್ ಮಂಡಲದವರೆಗೆ ನೂರಕ್ಕೂ ಹೆಚ್ಚು ಚಟುವಟಿಕೆ ಅದರಲ್ಲಿವೆ. ಏಳು ಯಂತ್ರಗಳಲ್ಲಿ ಸರಿಯಾಗಿ ಓಡಿದ್ದು ಎಂಟನೆಯದರಲ್ಲಿ ಖಾಲಿ ಕಪ್ಪು ಕಿಟಕಿಯಾಗಿ ತೆರೆಯಿತು. ಆ ಬೋರ್ಡಿನ ಹಳೆಯ ಗ್ರಾಫಿಕ್ಸ್ ಚಿಪ್ಪಿಗೆ ಚಿತ್ರ ಬಿಡಿಸುವ ಹೊಸ ವಿಧಾನ ಬಾರದು. ಆ ಕೆಲಸವನ್ನು ಚಿಪ್ಪಿನಿಂದ ಕಿತ್ತು ಪ್ರೊಸೆಸರಿಗೆ ಕೊಡಬೇಕು:

```
gcompris-qt --software-renderer
```

ಹೀಗೆ ಓಡಿಸಿದಾಗ ಚಲನೆ ಹೆಚ್ಚಿರುವ ಆಟಗಳು ತಡವರಿಸುತ್ತವೆ. ಕೂಡಿಸು ಕಳೆ, ಹೊಂದಿಸಿ ಬರೆ ಥರದವಕ್ಕೆ ತೊಂದರೆಯಿಲ್ಲ. ಆ ಯಂತ್ರವನ್ನು ಮೇಷ್ಟ್ರು ಲೆಕ್ಕಕ್ಕೆಂದೇ ಮೀಸಲಿಟ್ಟರು.

ಎಂಟಕ್ಕೂ ಬೇರೆ ಬೇರೆಯಾಗಿ ಇಳಿಸಲು ಹಳ್ಳಿಯ ಇಂಟರ್ನೆಟ್ ಒಪ್ಪುವುದಿಲ್ಲ. ಆದ್ದರಿಂದ ಒಂದನ್ನು ಪೂರ್ತಿ ಸಿದ್ಧಪಡಿಸಿ ಕ್ಲೋನ್‌ಜಿಲ್ಲಾ ಎಂಬ ಉಪಕರಣದಿಂದ ಅದರ ತದ್ರೂಪನ್ನು ಉಳಿದವುಗಳಿಗೆ ಹಾಕಬೇಕು. ಜಿಕಾಂಪ್ರಿ ಮೊದಲ ಸಲ ತೆರೆದಾಗ ಧ್ವನಿ, ಚಿತ್ರಗಳನ್ನು ಇಂಟರ್ನೆಟ್ಟಿನಿಂದ ಇಳಿಸಲೇ ಎಂದು ಕೇಳುತ್ತದೆ. ಅದನ್ನು ಈ ಮೂಲ ಯಂತ್ರದಲ್ಲೇ ಮುಗಿಸಿದರೆ ತದ್ರೂಪಿನ ಜೊತೆ ಅವೂ ಹೋಗುತ್ತವೆ. ಮೇಷ್ಟ್ರು 160 ಜಿಬಿ ಡಿಸ್ಕಿನಲ್ಲಿ ಮೂಲ ಸಿದ್ಧಮಾಡಿದ್ದರು. 120 ಜಿಬಿಯ ಎಸ್‌ಎಸ್‌ಡಿ ಅದನ್ನು ಒಪ್ಪಲಿಲ್ಲ. ಒಳಗೆ ತುಂಬಿದ್ದು ಎಷ್ಟೇ ಕಡಿಮೆಯಿರಲಿ, ಹಾಕಿಸಿಕೊಳ್ಳುವ ಡಿಸ್ಕ್ ಮೂಲಕ್ಕಿಂತ ಚಿಕ್ಕದಿದ್ದರೆ ಕ್ಲೋನ್‌ಜಿಲ್ಲಾ ಸಾಮಾನ್ಯವಾಗಿ ನಿಲ್ಲಿಸಿಬಿಡುತ್ತದೆ. ಇದ್ದ ಡಿಸ್ಕುಗಳಲ್ಲೇ ಚಿಕ್ಕದಾದ 80 ಜಿಬಿಯದರಲ್ಲಿ ಮತ್ತೆ ಮೊದಲಿನಿಂದ ಕಟ್ಟಿದ ಮೇಲೆ ಎಲ್ಲಕ್ಕೂ ಸರಾಗವಾಗಿ ಹೋಯಿತು.

ಈಗ ತರಗತಿ ನಡೆಯುತ್ತದೆ. ಒಂದು ಯಂತ್ರಕ್ಕೆ ಮೂವರು, ಹತ್ತು ನಿಮಿಷಕ್ಕೊಮ್ಮೆ ಮೌಸ್ ಕೈ ಬದಲು. ಟಕ್ಸ್ ಪೇಂಟ್ ಕನ್ನಡದಲ್ಲೇ ತೆರೆಯುತ್ತದೆ, ಸಣ್ಣ ಮಕ್ಕಳು ಬಣ್ಣ, ಕುಂಚಗಳ ಹೆಸರು ಓದಿ ಆರಿಸುತ್ತಾರೆ. ದೊಡ್ಡವರು ಕಗಪ ಕೀಲಿಮಣೆಯಲ್ಲಿ, ಗುಬ್ಬಿ ಅಕ್ಷರಶೈಲಿಯಲ್ಲಿ ತಮ್ಮ ಹೆಸರು ಬೆರಳಚ್ಚಿಸುತ್ತಾರೆ. ಕೀಲಿಮಣೆ ಲಿನಕ್ಸಿನಲ್ಲೇ ಬರುತ್ತದೆ, ಅಕ್ಷರಶೈಲಿ ಮೇಲಿನ ಆಜ್ಞೆಯ `fonts-knda` ಜೊತೆಗೆ ಬಂದದ್ದು. ಒತ್ತಕ್ಷರ ಬರೆಸಲು ನಡುವೆ f ಒತ್ತಬೇಕು ಎಂಬುದನ್ನು ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ.

ಆಗದ್ದೂ ಇದೆ. ಬ್ರೌಸರಿನಲ್ಲಿ ವೀಡಿಯೊ ಪಾಠ ಈ ಯಂತ್ರಗಳ ಮೇಲೆ ಇಂದಿಗೂ ಎಳೆದಾಡುತ್ತದೆ. ಇಂದಿನ ಒಂದು ಜಾಲತಾಣ ತೆರೆದರೇ ನೂರಾರು ಎಂಬಿ ಹೋಗುತ್ತದೆ, ಮಡಚಿಡುವ ಉಪಾಯ ಅದಕ್ಕೆ ಸಾಲದು. ಹಾಗಾಗಿ ಮೇಷ್ಟ್ರು ಮಕ್ಕಳ ಪರದೆಯಿಂದ ಬ್ರೌಸರಿನ ಚಿತ್ರವನ್ನೇ ತೆಗೆದರು. ಅದು ಸರಿಯಾದ ನಿರ್ಧಾರ. ಓಡದ ಒಂದು ತಂತ್ರಾಂಶ ತರಗತಿಯ ಅವಧಿ ಪೂರ್ತಿ ತಿನ್ನುತ್ತದೆ.

ಹಳೆಯ ಕಂಪ್ಯೂಟರ್ ಕೊಡಲು ಹೊರಟಿರುವ ಕಚೇರಿಯವರಲ್ಲಿ ನನ್ನದೊಂದು ಕೋರಿಕೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಇನ್ನಷ್ಟು ಯಂತ್ರಗಳು ನಿಮ್ಮ ಗೋದಾಮು ಸೇರುತ್ತಿವೆ. ಶಾಲೆಗೆ ಕೊಡುವಾಗ ಹಾರ್ಡ್ ಡಿಸ್ಕ್ ಕಳಚಬೇಡಿ. ಡಿಸ್ಕಿನ ಉದ್ದಕ್ಕೂ ಒಮ್ಮೆ ಸೊನ್ನೆಗಳನ್ನು ಬರೆದರೆ ಹಳೆಯ ಮಾಹಿತಿ ಅಳಿಯುತ್ತದೆ, ಡಿಸ್ಕ್ ಉಳಿಯುತ್ತದೆ. ರ‍್ಯಾಮ್ ಪಟ್ಟಿ ತೆಗೆಯಬೇಡಿ, ಮಾನಿಟರಿನ ಕೇಬಲ್ ಮರೆಯಬೇಡಿ, ಕೆಟ್ಟುಹೋದ ಒಂದೆರಡು ಡಬ್ಬಗಳಿದ್ದರೆ ಬಿಡಿಭಾಗಕ್ಕೆಂದು ಹೇಳಿಯೇ ಕೊಡಿ. ಜೊತೆಗೆ ಪ್ರತಿ ಯಂತ್ರಕ್ಕೆ ಒಂದು CR2032 ಬ್ಯಾಟರಿ ಇಟ್ಟು ಕಳಿಸಿ.