ಫಾರ್ಮ್ಯಾಟ್ ಸರಿಮಾಡಿ ಎಂದರೆ ಎಲ್ಲಿಯವರೆಗೆ?

ಅಪಾರ್ಟ್‌ಮೆಂಟ್ ಸಂಘದವರೊಬ್ಬರು ಸದಸ್ಯರ ಪಟ್ಟಿಯ ಟೆಕ್ಸ್ಟ್ ಫೈಲ್ ಕಳಿಸಿ, ‘ಫಾರ್ಮ್ಯಾಟ್ ಸರಿಮಾಡಿಕೊಡಿ, ಅಷ್ಟೇ’ ಎನ್ನುತ್ತಾರೆ ಎಂದುಕೊಳ್ಳಿ. ತೆರೆದರೆ ಕಾಣುವುದು ಹೀಗೆ:

```
ಕೆ.ಎಸ್. ರಮೇಶ್, 03/04/2019, 080-26******
ರಮೇಶ ಕೆ ಎಸ್, 3-ಏಪ್ರಿಲ್-19, 8026******
```

ಇಬ್ಬರೂ ಒಬ್ಬರೇ ಎಂದು ಕೈ ತುರಿಸುತ್ತದೆ. ಇರಬಹುದು. ಆದರೆ ಒಂದು ಸಾಲು ಅಳಿಸುವುದಾಗಲಿ, ‘ರಮೇಶ’ನನ್ನು ‘ರಮೇಶ್’ ಮಾಡುವುದಾಗಲಿ ಫಾರ್ಮ್ಯಾಟ್ ಕೆಲಸವಲ್ಲ. ಇನಿಷಿಯಲ್ ಹಿಂದೆಯೋ ಮುಂದೆಯೋ, ಚುಕ್ಕೆ ಬೇಕೋ ಬೇಡವೋ ಎಂಬುದಷ್ಟೇ ನಮ್ಮ ಪಾಲಿನದು. ಹೆಸರಿನ ಅಕ್ಷರ ಅವರವರದು.

ತಾರೀಖು ಇನ್ನೂ ನಾಜೂಕು. 03/04/2019 ನಮ್ಮ ಲೆಕ್ಕದಲ್ಲಿ ಏಪ್ರಿಲ್ 3. ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿನಿಂದ ಬಂದಿದ್ದರೆ ಮಾರ್ಚ್ 4. ಸುಳಿವು ಫೈಲಿನಲ್ಲೇ ಸಿಗಬಹುದು. 12ನ್ನು ಮೀರಿದ ಅಂಕಿ ಎಲ್ಲಿದೆ ನೋಡಿ: 25/04/2019 ಇದ್ದರೆ ದಿನ ಮೊದಲು, 04/25/2019 ಇದ್ದರೆ ತಿಂಗಳು ಮೊದಲು. ಎರಡು ಬಗೆಯೂ ಕಂಡರೆ ಎರಡು ಪಟ್ಟಿಗಳನ್ನು ಯಾರೋ ಒಂದು ಮಾಡಿದ್ದಾರೆ. ಆಗ 12ರೊಳಗಿನ ತಾರೀಖುಗಳನ್ನು ಇದ್ದ ಹಾಗೇ ಬಿಟ್ಟು ಕೇಳಬೇಕು. ಖಚಿತವಾದವನ್ನು 2019-04-25 ರೀತಿಯಲ್ಲಿ, ವರ್ಷ ಮೊದಲಾಗಿ ಬರೆದರೆ ಮುಂದೆ ಗೊಂದಲವಿರದು. ಇದೇ ಐಎಸ್‌ಒ 8601 ಕ್ರಮ.

ನಿಜವಾದ ಹೊಂಡವಿರುವುದು ಫೋನ್ ನಂಬರಿನಲ್ಲಿ. ನಮ್ಮ ಮೊಬೈಲ್ ನಂಬರಿಗೆ 10 ಅಂಕಿ, ಶುರು 6ರಿಂದ 9ರೊಳಗೆ. ಹಾಗಾಗಿ ಮುಂದಿನ ಸೊನ್ನೆ, +91, ಗೆರೆ, ಖಾಲಿ ಜಾಗ ಎಲ್ಲ ಕಿತ್ತು 10 ಅಂಕಿ ಉಳಿಸಿದರಾಯಿತು ಎನ್ನಿಸುತ್ತದೆ. ಬೆಂಗಳೂರಿನ ಲ್ಯಾಂಡ್‌ಲೈನಿಗೆ ಎಸ್‌ಟಿಡಿ ಕೋಡ್ 080, ನಂತರ 8 ಅಂಕಿ. ಸೊನ್ನೆ ಕಿತ್ತರೆ ಉಳಿಯುವುದೂ 10 ಅಂಕಿಯೇ, ಶುರುವಾಗುವುದೂ 8ರಿಂದಲೇ! ಮನೆಯ ಫೋನು ಮೊಬೈಲಿನ ವೇಷ ಹಾಕಿಕೊಂಡು ಕೂರುತ್ತದೆ; ಸಂಘದ ಎಸ್‌ಎಂಎಸ್ ಅಲ್ಲಿಗೆ ಹೋಗಿ ಸುಮ್ಮನೆ ಕಳೆದುಹೋಗುತ್ತದೆ. ಮೇಲಿನ ಎರಡನೇ ಸಾಲಿನಲ್ಲಿ ಆಗಿರುವುದು ಇದೇ ಇರಬಹುದು. ಎಕ್ಸೆಲ್‌ನಲ್ಲಿ ಫೈಲ್ ತೆರೆದರೆ ನಂಬರನ್ನು ಸಂಖ್ಯೆಯೆಂದು ತಿಳಿದು ಅದೇ ಸೊನ್ನೆ ನುಂಗಿಬಿಡುತ್ತದೆ. ಆದ್ದರಿಂದ ಆ ಕಾಲಮ್ಮನ್ನು ಟೆಕ್ಸ್ಟ್ ಎಂದು ಹೇಳಿಯೇ ತೆರೆಯಬೇಕು; ಲ್ಯಾಂಡ್‌ಲೈನುಗಳನ್ನು 080- ಸಮೇತ ಬೇರೆಯಾಗಿಯೇ ಇಡಬೇಕು. 9 ಅಂಕಿಯ ಮೊಬೈಲ್ ನಂಬರ್ ಸಿಕ್ಕಿತೋ, ಅದಕ್ಕೆ ಔಷಧವಿಲ್ಲ. ಕಳೆದ ಅಂಕಿ ಸದಸ್ಯರಿಗೇ ಗೊತ್ತು.

ಮುಗಿದ ಮೇಲೆ ಹಳೆಯ ಫೈಲನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಾಲುಗಳ ಸಂಖ್ಯೆ ಒಂದೇ ಇರಬೇಕು. ಎರಡರಲ್ಲೂ ಫೋನ್ ಕಾಲಮ್ಮಿನ ಅಂಕಿಗಳನ್ನಷ್ಟೇ ಉಳಿಸಿ ಹೋಲಿಸಿದರೆ 0, 91 ಬಿಟ್ಟು ಬೇರೇನೂ ವ್ಯತ್ಯಾಸ ಕಾಣಬಾರದು. ಮೂಲ ಫೈಲನ್ನು ಅಳಿಸದೆ ಇಟ್ಟುಕೊಳ್ಳಿ; ಮುಟ್ಟದೆ ಬಿಟ್ಟ ಸಾಲುಗಳ ನಂಬರನ್ನೂ ಕಾರಣವನ್ನೂ ಒಂದು ಚೀಟಿಯಂತೆ ಬರೆದು ಹೊಸ ಫೈಲಿನ ಜೊತೆ ಕಳಿಸಿ.