ಕಾರಿನ ಯುಎಸ್‌ಬಿಯಲ್ಲಿ ಫೋನ್ ಯಾಕೆ ತುಂಬುವುದಿಲ್ಲ?

ಬೆಂಗಳೂರಿಂದ ಹಾಸನಕ್ಕೆ ಹೊರಟ ಕಾರು ನೆಲಮಂಗಲ ದಾಟುವಾಗ ಫೋನಿನಲ್ಲಿ 20 ಪರ್ಸೆಂಟ್ ಚಾರ್ಜ್ ಇದೆ ಎಂದುಕೊಳ್ಳಿ. ಮ್ಯೂಸಿಕ್ ಸಿಸ್ಟಮ್ಮಿನ ಕೆಳಗಿರುವ ಯುಎಸ್‌ಬಿ ಕಿಂಡಿಗೆ ಕೇಬಲ್ ಚುಚ್ಚಿ, ಮ್ಯಾಪ್ ಹಾಕಿಕೊಂಡು ಹೊರಡುತ್ತೀರಿ. ಪರದೆಯ ಮೇಲೆ ಮಿಂಚಿನ ಗುರುತು ಬಂದಿದೆ, ಅಂದರೆ ಚಾರ್ಜ್ ಆಗುತ್ತಿದೆ. ಎರಡು ಗಂಟೆ ಕಳೆದು ಚನ್ನರಾಯಪಟ್ಟಣದಲ್ಲಿ ಕಾಫಿಗೆ ನಿಲ್ಲಿಸಿ ನೋಡಿದರೆ 18 ಪರ್ಸೆಂಟ್! ಬ್ಯಾಟರಿ ಹಾಳಾಗಿದೆ, ಹೊಸ ಫೋನ್ ತೆಗೆದುಕೊಳ್ಳಬೇಕು ಎಂಬ ಮಾತು ಕಾರಿನಲ್ಲಿ ಹುಟ್ಟುವುದು ಇಂಥ ಹೊತ್ತಿನಲ್ಲೇ. ಆದರೆ ಆ ಫೋನಿಗೆ ಏನೂ ಆಗಿರುವುದಿಲ್ಲ. ಆ ಕಿಂಡಿ ಕೊಡುವುದೇ ಅಷ್ಟು.

ಲೆಕ್ಕ ಹಾಕಿ ನೋಡೋಣ. ಈಗಿನ ಸಾಧಾರಣ ಫೋನಿನ ಬ್ಯಾಟರಿ 5000 ಮಿಲಿಆಂಪ್-ಗಂಟೆಯದು. ಶಕ್ತಿಯ ಲೆಕ್ಕದಲ್ಲಿ ಅದು ಸುಮಾರು 19 ವಾಟ್-ಗಂಟೆ. ಹಳೆಯ ಮಾದರಿಯ ಕಾರಿನ ಯುಎಸ್‌ಬಿ ಕೊಡುವುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವಾಟ್. ದಾರಿಯಲ್ಲಿ ಒಂದಿಷ್ಟು ಬಿಸಿಯಾಗಿ ಕಳೆದು ಬ್ಯಾಟರಿಗೆ ಮುಟ್ಟುವುದು ಎರಡು ವಾಟಿನ ಆಸುಪಾಸು. ಫೋನನ್ನು ಮುಟ್ಟದೆ ಬಿಟ್ಟರೂ ಖಾಲಿ ಬ್ಯಾಟರಿ ತುಂಬಲು ಒಂಬತ್ತು ಗಂಟೆ ಬೇಕು. ಮುಟ್ಟದೆ ಬಿಡುವವರು ಯಾರು? ಮ್ಯಾಪ್ ಓಡುತ್ತಿದ್ದರೆ ಪರದೆ ಹೊತ್ತಿಕೊಂಡೇ ಇರುತ್ತದೆ, ಜಿಪಿಎಸ್ ಕೆಲಸ ಮಾಡುತ್ತದೆ, ಟವರಿನಿಂದ ಟವರಿಗೆ ಸಿಗ್ನಲ್ ಹುಡುಕಾಟ ನಡೆಯುತ್ತದೆ. ಇದಕ್ಕೆಲ್ಲ ಎರಡರಿಂದ ಮೂರು ವಾಟ್ ಸುಲಭವಾಗಿ ಹೋಗುತ್ತದೆ. ಬಂದಷ್ಟೂ ಖರ್ಚು, ಮೇಲೊಂದು ಚೂರು ಸಾಲ. ಅದಕ್ಕೇ 20 ಇದ್ದದ್ದು 18 ಆಯಿತು.

ಈ ಅರ್ಧ ಆಂಪಿಯರ್ ಎಲ್ಲಿಂದ ಬಂತು? 2000ನೇ ಇಸವಿಯಲ್ಲಿ ಬಂದ ಯುಎಸ್‌ಬಿ 2.0 ನಿಯಮದಿಂದ. ಆ ಕಿಂಡಿಯನ್ನು ಮಾಡಿದ್ದು ಕಂಪ್ಯೂಟರಿಗೆ ಮೌಸ್, ಕೀಬೋರ್ಡ್, ಪೆನ್ ಡ್ರೈವ್ ಜೋಡಿಸಲು. ಅವಕ್ಕೆ 500 ಮಿಲಿಆಂಪ್ ಧಾರಾಳವಾಯಿತು. ಕಾರಿನವರು ಅದನ್ನೇ ತಂದು ಮ್ಯೂಸಿಕ್ ಸಿಸ್ಟಮ್ಮಿಗೆ ಕೂರಿಸಿದರು, ಪೆನ್ ಡ್ರೈವಿನಿಂದ ಹಾಡು ಕೇಳಲಿ ಎಂದು. ಆಮೇಲೆ ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಬಂದಾಗಲೂ ಅದೇ ಕಿಂಡಿ ಫೋನಿನ ಮಾತನ್ನು ಕಾರಿನ ಪರದೆಗೆ ಸಾಗಿಸುವ ದಾರಿಯಾಯಿತು. ಅದರ ಮೊದಲ ಕೆಲಸ ಡೇಟಾ, ಚಾರ್ಜಿಂಗ್ ಏನಿದ್ದರೂ ಉಪಕಸುಬು.

ಫೋನ್ ಬುದ್ಧಿವಂತ ಯಂತ್ರ ತಾನೆ, ಬೇಕಾದಷ್ಟು ಎಳೆದುಕೊಳ್ಳಬಾರದೇ ಎಂದು ಕೇಳಬಹುದು. ಎಳೆದುಕೊಳ್ಳುವುದಿಲ್ಲ, ಅದೇ ಅದರ ಬುದ್ಧಿವಂತಿಕೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತ ಮರ್ಯಾದಸ್ಥ ನೆಂಟನ ಹಾಗೆ ಅದು, ಬಡಿಸುವವರ ಕೈ ನೋಡಿ ಊಟ ಮಾಡುತ್ತದೆ. ಕೇಬಲ್ ಚುಚ್ಚಿದ ಕೂಡಲೇ ನಡೆಯುವುದು ಒಂದು ಪರೀಕ್ಷೆ. ಯುಎಸ್‌ಬಿ ಕೇಬಲ್ಲಿನಲ್ಲಿ ಕರೆಂಟಿನ ಎರಡು ತಂತಿಗಳ ಜೊತೆ ಡೇಟಾದ ಎರಡು ತಂತಿಗಳಿರುತ್ತವೆ. ಫೋನ್ ಒಂದು ಡೇಟಾ ತಂತಿಯ ಮೇಲೆ ಸಣ್ಣ ವೋಲ್ಟೇಜ್ ಕಳಿಸಿ, ಅದು ಇನ್ನೊಂದರಲ್ಲಿ ವಾಪಸು ಬರುತ್ತದೆಯೇ ಎಂದು ನೋಡುತ್ತದೆ. ಬರೀ ಚಾರ್ಜರ್ ಆದರೆ ಆ ಎರಡೂ ತಂತಿಗಳನ್ನು ಒಳಗೇ ಒಂದಕ್ಕೊಂದು ಜೋಡಿಸಿರುತ್ತಾರೆ. ವೋಲ್ಟೇಜ್ ವಾಪಸು ಬಂದರೆ ಫೋನಿಗೆ ಧೈರ್ಯ, ಒಂದೂವರೆ ಆಂಪಿಯರ್‌ವರೆಗೂ ತೆಗೆದುಕೊಳ್ಳಬಹುದು. ಬಾರದಿದ್ದರೆ ಆ ಕಡೆ ಇರುವುದು ಕಂಪ್ಯೂಟರ್ ಅಥವಾ ಮ್ಯೂಸಿಕ್ ಸಿಸ್ಟಮ್ ಎಂದು ತಿಳಿದು ಅರ್ಧ ಆಂಪಿಯರಿಗೆ ನಿಲ್ಲುತ್ತದೆ. ಆಂಡ್ರಾಯ್ಡ್ ಫೋನುಗಳ ಲಾಕ್ ಪರದೆಯ ಮೇಲೆ `Charging slowly` ಎಂಬ ಸಾಲು ಬಂದರೆ ಹೆಚ್ಚಾಗಿ ನಡೆದಿರುವುದು ಇದೇ.

ಸರಿಯಾದ ಕಾರ್ ಚಾರ್ಜರ್ ಅಂದರೆ ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಹಾಕುವಂಥದ್ದು. ಹೆಸರು ಲೈಟರಿನದಾದರೂ ಈಗ ಅಲ್ಲಿ ಲೈಟರೇ ಬರುವುದಿಲ್ಲ, 12 ವೋಲ್ಟಿನ ಪವರ್ ಸಾಕೆಟ್ ಅಂತಲೇ ಕರೆಯುತ್ತಾರೆ. ಅದು ಕಾರಿನ ಬ್ಯಾಟರಿಯಿಂದ ಫ್ಯೂಸಿನ ಮೂಲಕ ನೇರವಾಗಿ ಬರುವ ಲೈನು. ಎಂಜಿನ್ ಓಡುವಾಗ ಅಲ್ಲಿ ಹದಿಮೂರೂವರೆ, ಹದಿನಾಲ್ಕು ವೋಲ್ಟ್ ಇರುತ್ತದೆ. ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್ ಫ್ಯೂಸ್ ಇರುವುದರಿಂದ ನೂರಿಪ್ಪತ್ತು ವಾಟಿನ ತನಕ ಕೊಡಬಲ್ಲದು. ಎಷ್ಟು ಕೊಡಬೇಕು ಎಂಬುದನ್ನು ಇಲ್ಲಿ ಕಾರು ತೀರ್ಮಾನಿಸುವುದಿಲ್ಲ, ನೀವು ಚುಚ್ಚಿದ ಹೆಬ್ಬೆರಳು ಗಾತ್ರದ ಚಾರ್ಜರ್ ಫೋನಿನ ಜೊತೆ ಮಾತಾಡಿ ತೀರ್ಮಾನಿಸುತ್ತದೆ.

ಈ ಮಾತುಕತೆಯಲ್ಲಿ ಮುಖ್ಯವಾದದ್ದು ವೋಲ್ಟೇಜ್. ಹೆಚ್ಚು ಶಕ್ತಿ ಕೊಡಬೇಕಾದರೆ ಆಂಪಿಯರ್ ಏರಿಸಬಹುದು, ಇಲ್ಲವೇ ವೋಲ್ಟ್ ಏರಿಸಬಹುದು. ಆಂಪಿಯರ್ ಏರಿಸಿದರೆ ಕೇಬಲ್ಲಿನ ಸಣ್ಣ ತಂತಿಗಳು ಅಡ್ಡ ಬರುತ್ತವೆ. ಅಗ್ಗದ ಒಂದು ಮೀಟರ್ ಕೇಬಲ್ಲಿನಲ್ಲಿ ಕೂದಲೆಳೆಯಂಥ ತಾಮ್ರವಿರುತ್ತದೆ, ಎರಡು ಆಂಪಿಯರ್ ಹರಿಸಿದರೆ ಹೋಗಿಬರುವಷ್ಟರಲ್ಲಿ ಮುಕ್ಕಾಲು ವೋಲ್ಟಿಗೂ ಹೆಚ್ಚು ಅಲ್ಲೇ ಕಳೆಯುತ್ತದೆ. ಹೊರಟ 5 ವೋಲ್ಟ್ ಫೋನಿಗೆ ಮುಟ್ಟುವಾಗ ನಾಲ್ಕು ಕಾಲಿಗೆ ಇಳಿದಿದ್ದರೆ, ಫೋನ್ ಗಾಬರಿಯಾಗಿ ತಾನೇ ಕರೆಂಟ್ ಕಡಿಮೆ ಮಾಡಿಕೊಳ್ಳುತ್ತದೆ. ಅದರ ಬದಲು 9 ವೋಲ್ಟಿನಲ್ಲಿ ಎರಡೇ ಆಂಪಿಯರ್ ಕಳಿಸಿದರೆ ಅದೇ ಕೇಬಲ್ಲಿನಲ್ಲಿ 18 ವಾಟ್ ಹೋಗುತ್ತದೆ, ಮುಕ್ಕಾಲು ವೋಲ್ಟ್ ಕಳೆದರೂ ಲೆಕ್ಕಕ್ಕಿಲ್ಲ. ವೇಗದ ಚಾರ್ಜಿಂಗ್ ಎನ್ನುವುದರ ಗುಟ್ಟು ಬಹುಪಾಲು ಇಷ್ಟೇ. ಕಾರಿನ ಡೇಟಾ ಕಿಂಡಿಗೆ 5 ವೋಲ್ಟ್ ಬಿಟ್ಟು ಬೇರೆ ಗೊತ್ತಿಲ್ಲ.

ಹಾಸನದ ದಾರಿಗೇ ಮರಳಿದರೆ, ಅದೇ ಫೋನಿಗೆ 18 ವಾಟಿನ ಚಾರ್ಜರ್ ಹಾಕಿದ್ದರೆ ಬ್ಯಾಟರಿ ಕಡೆಗೆ 15 ವಾಟಿನಷ್ಟು ಬರುತ್ತಿತ್ತು. ಮ್ಯಾಪಿನ ಖರ್ಚು ಕಳೆದು 12 ವಾಟ್ ಉಳಿತಾಯ. ಬ್ಯಾಟರಿ ತುಂಬುತ್ತ ಬಂದಂತೆ ಫೋನ್ ತಾನಾಗಿ ವೇಗ ತಗ್ಗಿಸುತ್ತದೆ, ಆದರೂ ಚನ್ನರಾಯಪಟ್ಟಣದ ಕಾಫಿಯ ಹೊತ್ತಿಗೆ 80 ಪರ್ಸೆಂಟ್ ದಾಟಿರುತ್ತಿತ್ತು.

ಆದರೆ ಪೇಟೆಯಲ್ಲಿ ಚಾರ್ಜರುಗಳೆಲ್ಲ ಒಂದೇ ಭಾಷೆ ಆಡುವುದಿಲ್ಲ, ಜನ ಮೋಸ ಹೋಗುವುದು ಇಲ್ಲೇ. ಡಬ್ಬಿಯ ಮೇಲೆ ದೊಡ್ಡದಾಗಿ ‘ಫಾಸ್ಟ್’ ಎಂದು ಬರೆದಿರುವುದನ್ನು ಬಿಟ್ಟುಬಿಡಿ. ಸಣ್ಣ ಅಕ್ಷರದಲ್ಲಿ ಹೀಗೊಂದು ಸಾಲು ಇರುತ್ತದೆ:

```
Output: 5V 3A, 9V 2A, 12V 1.5A
```

ಇದರಲ್ಲಿ 9V ಇದ್ದರೆ ಅದು ನಿಜವಾದ ವೇಗದ ಚಾರ್ಜರ್. ಬರೀ `5V 3.1A` ಎಂದಿದ್ದು ಎರಡು ಕಿಂಡಿಗಳಿದ್ದರೆ, ಆ 3.1 ಎರಡಕ್ಕೂ ಸೇರಿದ ಲೆಕ್ಕವಿರಬಹುದು. ಹೆಂಡತಿಯ ಫೋನ್ ಒಂದರಲ್ಲಿ, ಗಂಡನದು ಇನ್ನೊಂದರಲ್ಲಿ ಇದ್ದರೆ ಇಬ್ಬರಿಗೂ ಅರ್ಧರ್ಧ. ಐಫೋನ್, ಪಿಕ್ಸೆಲ್ ಮತ್ತು ಈಚಿನ ಹೆಚ್ಚಿನ ಫೋನುಗಳಿಗೆ ಡಬ್ಬಿಯ ಮೇಲೆ `PD` ಇರಬೇಕು, ಕಿಂಡಿ ಟೈಪ್-ಸಿ ಆಗಿರಬೇಕು. ಸ್ಯಾಮ್‌ಸಂಗ್ ಫೋನುಗಳಲ್ಲಿ ‘ಸೂಪರ್ ಫಾಸ್ಟ್’ ಎಂದು ಬರಬೇಕಾದರೆ `PD` ಜೊತೆ `PPS` ಕೂಡ ಬೇಕು. ಒನ್‌ಪ್ಲಸ್, ಒಪ್ಪೊ, ರಿಯಲ್‌ಮಿಯ ದೊಡ್ಡ ದೊಡ್ಡ ವಾಟಿನ ವೇಗ ಅವರವರದೇ ಚಾರ್ಜರ್, ಅವರದೇ ಕೇಬಲ್ಲಿಗೆ ಮೀಸಲು. ಬೇರೆ ಚಾರ್ಜರ್ ಹಾಕಿದರೆ ಆ ವೇಗ ಸಿಗುವುದಿಲ್ಲ, ಆದರೂ ಕಾರಿನ ಡೇಟಾ ಕಿಂಡಿಗಿಂತ ಎಷ್ಟೋ ಮೇಲು.

ಹೊಸ ಕಾರುಗಳಲ್ಲಿ ಟೈಪ್-ಸಿ ಕಿಂಡಿ ಬಂದಿದೆಯಲ್ಲ ಎನ್ನಬಹುದು. ಕೆಲವದರಲ್ಲಿ ನಿಜಕ್ಕೂ 15 ವಾಟ್ ಅಥವಾ ಅದಕ್ಕೂ ಹೆಚ್ಚು ಸಿಗುತ್ತದೆ. ಆದರೆ ಕಿಂಡಿಯ ಆಕಾರ ನೋಡಿ ವೇಗ ಹೇಳಲಾಗದು. ಅದರ ಪಕ್ಕದ ಗುರುತು ನೋಡಿ. ಮೂರು ಕವಲಿನ ಯುಎಸ್‌ಬಿ ಚಿಹ್ನೆ ಅಥವಾ ಹಾಡಿನ ಗುರುತು ಇದ್ದರೆ ಡೇಟಾ ಕಿಂಡಿ, ಬ್ಯಾಟರಿ ಅಥವಾ ಮಿಂಚಿನ ಗುರುತು ಇದ್ದರೆ ಸಾಮಾನ್ಯವಾಗಿ ಚಾರ್ಜಿಂಗಿನದು. ಹಿಂದಿನ ಸೀಟಿನವರಿಗೆ ಕೊಟ್ಟಿರುವ ಕಿಂಡಿ ಹೆಚ್ಚಾಗಿ ಎರಡನೆಯ ಜಾತಿಯದು. ಎಷ್ಟೋ ಸಲ ಡ್ರೈವರಿಗಿಂತ ಹಿಂದೆ ಕೂತವರ ಫೋನೇ ಬೇಗ ತುಂಬುವುದು ಅದಕ್ಕೇ.

ಕೇಬಲ್ಲಿನಲ್ಲಿ ಆಂಡ್ರಾಯ್ಡ್ ಆಟೋ ಬಳಸುವವರಿಗೆ ಮಾತ್ರ ಇಕ್ಕಟ್ಟು. ಫೋನ್ ಡೇಟಾ ಕಿಂಡಿಯಲ್ಲೇ ಇರಬೇಕು, ಅಲ್ಲಿ ಕರೆಂಟ್ ಕಡಿಮೆ. ಕಾರಿನಲ್ಲಿ ವೈರ್‌ಲೆಸ್ ಸೌಲಭ್ಯ ಇದ್ದರೆ ಅದಕ್ಕೆ ಹೊರಳಿ, ಫೋನನ್ನು ಸಾಕೆಟ್ ಚಾರ್ಜರಿಗೆ ಹಾಕಿ. ವೈರ್‌ಲೆಸ್ ಫೋನಿನ ಖರ್ಚನ್ನು ಸ್ವಲ್ಪ ಹೆಚ್ಚಿಸುತ್ತದೆ, ಆದರೆ 18 ವಾಟಿನ ಮುಂದೆ ಅದು ದೊಡ್ಡದಲ್ಲ. ‘ಬರೀ ಚಾರ್ಜಿಂಗ್’ ಕೇಬಲ್ ಹಾಕಿ ಫೋನಿಗೆ ಸುಳ್ಳು ಹೇಳಿಸುವ ಉಪಾಯವೂ ಚಾಲ್ತಿಯಲ್ಲಿದೆ. ಫೋನ್ ಒಂದೂವರೆ ಆಂಪಿಯರ್ ಕೇಳುತ್ತದೆ ನಿಜ, ಕಾರಿನ ಕಿಂಡಿಯಲ್ಲಿ ಅಷ್ಟಿಲ್ಲದಿದ್ದರೆ ಅದು ಕೈ ಎತ್ತಿಬಿಡುತ್ತದೆ. ನನ್ನ ಮಟ್ಟಿಗೆ ಆ ಉಸಾಬರಿ ಬೇಡ.

ಒಳ್ಳೆ ಚಾರ್ಜರ್ ಹಾಕಿಯೂ ನಿಧಾನವಾದರೆ ಮೊದಲು ಕೇಬಲ್ ಬದಲಿಸಿ ನೋಡಿ. ಆಮೇಲೆ ಫೋನ್ ಎಲ್ಲಿದೆ ಎಂದು ನೋಡಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ನಿಲ್ಲಿಸಿದ ಫೋನ್ ಕೈ ಸುಡುವಷ್ಟು ಕಾಯುತ್ತದೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಯ ಮೇಲೆ ಚಾರ್ಜ್ ಮಾಡುವುದು ಒಳ್ಳೆಯದಲ್ಲವಾದ್ದರಿಂದ ಫೋನ್ ತಾನೇ ವೇಗ ತಗ್ಗಿಸುತ್ತದೆ, ಇಲ್ಲವೇ ನಿಲ್ಲಿಸುತ್ತದೆ. ಎಸಿ ಗಾಳಿ ಬರುವ ಕಡೆ ಸಿಕ್ಕಿಸಿದರೆ ಮತ್ತೆ ಶುರುವಾಗುತ್ತದೆ. ಇನ್ನು ಚಾರ್ಜರ್ ಹಾಕಿದ ಕೂಡಲೇ ಎಫ್‌ಎಂ ರೇಡಿಯೋದಲ್ಲಿ ಕರಕರ ಸದ್ದು ಬಂದರೆ, ತೆಗೆದಾಗ ನಿಂತರೆ, ಅದು ಕಳಪೆ ಚಾರ್ಜರಿನ ಲಕ್ಷಣ. ಸಾಕೆಟ್ಟಿನಲ್ಲಿ ಸಡಿಲವಾಗಿ ಕೂತು ಬಿಸಿಯಾಗುವುದನ್ನು ಮನೆಗೇ ತರಬೇಡಿ.

ಕೊಳ್ಳಲು ಹೊರಡುವ ಮುನ್ನ ಮನೆಯಲ್ಲಿ ಗೋಡೆಗೆ ಹಾಕುವ ನಿಮ್ಮ ಫೋನಿನ ಚಾರ್ಜರ್ ಕೈಗೆತ್ತಿಕೊಳ್ಳಿ. ಅದರ ಹಿಂಬದಿಯಲ್ಲೂ `Output` ಎಂಬ ಸಾಲು ಇರುತ್ತದೆ, ಫೋನಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಎಸ್.ಪಿ. ರಸ್ತೆಯ ಅಂಗಡಿಯಲ್ಲಾಗಲಿ ನಿಮ್ಮೂರಿನ ಮೊಬೈಲ್ ಅಂಗಡಿಯಲ್ಲಾಗಲಿ ಅದಕ್ಕೆ ಹೊಂದುವ ಸಾಲು ಇರುವ ಕಾರ್ ಚಾರ್ಜರನ್ನೇ ಕೇಳಿ ತೆಗೆದುಕೊಳ್ಳಿ.