ಮುಗಿದ ಪ್ರಾಜೆಕ್ಟಿನ ಟಿಕೆಟ್‌ಗಳನ್ನು ಏನು ಮಾಡಬೇಕು?

ಸಾಫ್ಟ್‌ವೇರ್ ತಂಡಗಳು ದಿನದ ಕೆಲಸವನ್ನೆಲ್ಲ ಬರೆದಿಡುವ ಜಾಗಕ್ಕೆ ಟ್ರ್ಯಾಕರ್ ಎನ್ನುತ್ತಾರೆ. ಯಾರಿಗಾದರೂ ದೋಷ ಕಂಡರೆ ಅಲ್ಲೊಂದು ಟಿಕೆಟ್ ಬರೆಯುತ್ತಾರೆ. ಅದಕ್ಕೊಂದು ನಂಬರ್ ಬೀಳುತ್ತದೆ, ಇನ್ನೊಬ್ಬರು ಅದನ್ನು ಕೈಗೆತ್ತಿಕೊಳ್ಳುತ್ತಾರೆ, ಕೆಳಗೆ ಚರ್ಚೆ ಬೆಳೆಯುತ್ತದೆ, ಸ್ಕ್ರೀನ್‌ಶಾಟ್‌ಗಳು ಸೇರುತ್ತವೆ, ಕೆಲಸ ಆದ ಮೇಲೆ ಟಿಕೆಟ್ ಮುಚ್ಚುತ್ತದೆ. ಪ್ರಾಜೆಕ್ಟ್ ಮುಗಿದು ಗಿರಾಕಿಯ ಕೊನೆಯ ಬಿಲ್ ಬಂದಾಗ ಇಂಥ ಸಾವಿರ, ಎರಡು ಸಾವಿರ ಟಿಕೆಟ್‌ಗಳು ಉಳಿದಿರುತ್ತವೆ. ಪಟ್ಟಿ ಉದ್ದವಾಯಿತು, ಹೊಸ ಕೆಲಸ ಕಣ್ಣಿಗೆ ಬೀಳುತ್ತಿಲ್ಲ ಎಂದು ಯಾರೋ ಒಬ್ಬರು `Archive` ಒತ್ತಿಬಿಡುತ್ತಾರೆ. ಅದು ತಪ್ಪೋ ಸರಿಯೋ ಎಂಬುದು ಯಾವ ಟ್ರ್ಯಾಕರ್‌ನಲ್ಲಿ ಒತ್ತಿದರು ಎಂಬುದರ ಮೇಲೆ ನಿಂತಿದೆ.

ಗಿಟ್‌ಹಬ್‌ನಲ್ಲಿ ಒಂದು ರೆಪೊಸಿಟರಿಯನ್ನು ಆರ್ಕೈವ್ ಮಾಡಿದರೆ ಅದು ಓದಲು ಮಾತ್ರ ಸಿಗುತ್ತದೆ. ಅದರ ಇಶ್ಯೂಗಳು ಹುಡುಕಾಟದಲ್ಲಿ ಬರುತ್ತಲೇ ಇರುತ್ತವೆ. ಜಿರಾದಲ್ಲಿ ಅದೇ ಹೆಸರಿನ ಗುಂಡಿ ಟಿಕೆಟ್‌ಗಳನ್ನು ಹುಡುಕಾಟದಿಂದಲೇ ತೆಗೆದುಬಿಡುತ್ತದೆ. ರೆಡ್‌ಮೈನ್‌ನಲ್ಲಿ ಬೇರೆ ಬೇರೆ ಎರಡು ಗುಂಡಿಗಳೇ ಇವೆ. ನಾನು ಇಲ್ಲಿ ರೆಡ್‌ಮೈನ್ ಹಿಡಿದುಕೊಳ್ಳುತ್ತೇನೆ. 2006ರಲ್ಲಿ ಹೊರಬಂದ ಈ ಉಚಿತ ಟ್ರ್ಯಾಕರ್ ಅನ್ನು ಸ್ವಂತ ಸರ್ವರಿನಲ್ಲಿ ಹಾಕಿಕೊಂಡು ನಡೆಸಬಹುದು. ಹಾಗೆ ನಡೆಸುವಾಗ ಇಡುವುದು, ಅಳಿಸುವುದು ಎರಡರ ಹೊಣೆಯೂ ನಮ್ಮದೇ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಹತ್ತು ಜನರ ಕಂಪನಿಯೊಂದು ಹಾಲು ಉತ್ಪಾದಕರ ಸಂಘಗಳಿಗೆ ಬಟವಾಡೆಯ ಸಾಫ್ಟ್‌ವೇರ್ ಮಾಡಿಕೊಟ್ಟಿದೆ. ಫ್ಯಾಟ್, ಎಸ್‌ಎನ್‌ಎಫ್ ನೋಡಿ ದರ ಕಟ್ಟುವುದು, ರೈತರ ಬ್ಯಾಂಕ್ ಖಾತೆಗೆ ದುಡ್ಡು ಹಾಕುವ ಪಟ್ಟಿ ತಯಾರಿಸುವುದು ಅದರ ಕೆಲಸ. ಪ್ರಾಜೆಕ್ಟ್ ಮುಗಿದಿದೆ, ಟ್ರ್ಯಾಕರ್‌ನಲ್ಲಿ 1,812 ಟಿಕೆಟ್‌ಗಳಿವೆ. ಎರಡು ವರ್ಷ ಬಿಟ್ಟು ಸಂಘದ ಲೆಕ್ಕ ತಪಾಸಣೆಗೆ ಬಂದವರು ಕೇಳುತ್ತಾರೆ: ಬಟವಾಡೆಯಲ್ಲಿ ರೂಪಾಯಿಯೊಳಗಿನ ಪೈಸೆಯನ್ನು ಮುಂದಿನ ಬಟವಾಡೆಗೆ ಒಯ್ಯುತ್ತಿದ್ದೀರಲ್ಲ, ಇದನ್ನು ಯಾರು ಒಪ್ಪಿದರು, ಯಾವಾಗ?

ಉತ್ತರ ಯಾವುದೋ ಟಿಕೆಟಿನ ಐದನೆಯ ಕಮೆಂಟಿನಲ್ಲಿದೆ. ಪ್ರಾಜೆಕ್ಟನ್ನು `Archive` ಮಾಡಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ರೆಡ್‌ಮೈನ್‌ನಲ್ಲಿ ಆರ್ಕೈವ್ ಆದ ಪ್ರಾಜೆಕ್ಟ್ ಅಡ್ಮಿನ್‌ಗೆ ಮಾತ್ರ, ಅದೂ ಆಡಳಿತದ ಪುಟದ ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ. ಅವರು ಅದನ್ನು ಮತ್ತೆ ಎಬ್ಬಿಸುವವರೆಗೆ ಹುಡುಕಾಟ ಅದನ್ನು ಮುಟ್ಟುವುದೇ ಇಲ್ಲ. ಇನ್ನೂ ನವಿರಾದ ಹಾನಿಯೊಂದಿದೆ. ನಡೆಯುತ್ತಿರುವ ಬೇರೆ ಪ್ರಾಜೆಕ್ಟಿನಲ್ಲಿ ಯಾರೋ "ಇದಕ್ಕೆ #1184 ನೋಡಿ" ಎಂದು ಬರೆದಿದ್ದರೆ, ಆ ನಂಬರ್ ಕೊಂಡಿಯಾಗಿ ಉಳಿಯುವುದಿಲ್ಲ, ಬರೀ ಅಕ್ಷರವಾಗಿ ಕೂರುತ್ತದೆ. ಎರಡು ಟಿಕೆಟ್‌ಗಳ ನಡುವೆ ಸಂಬಂಧ ಹಾಕಿದ್ದರೆ ಅದೂ ಪುಟದಿಂದ ಮರೆಯಾಗುತ್ತದೆ. ಎಚ್ಚರಿಕೆಯ ಸಂದೇಶ ಏನೂ ಬರದ ಕಾರಣ ಏನೋ ಕಳೆದುಹೋಗಿದೆ ಎಂಬುದೂ ಓದುವವರಿಗೆ ತಿಳಿಯುವುದಿಲ್ಲ.

ಮುಗಿದ ಪ್ರಾಜೆಕ್ಟಿಗೆ ಬೇಕಾದದ್ದು `Close`. 2012ರ ಸುಮಾರಿಗೆ ಸೇರಿದ ಈ ಸ್ಥಿತಿಯಲ್ಲಿ ಹೊಸ ಟಿಕೆಟ್ ಬರೆಯಲಾಗದು, ಹಳೆಯದನ್ನು ತಿದ್ದಲಾಗದು, ಆದರೆ ಓದಬಹುದು, ಹುಡುಕಬಹುದು, ಕೊಂಡಿಗಳೂ ತೆರೆಯುತ್ತವೆ. ನಡೆಯುತ್ತಿರುವ ಪ್ರಾಜೆಕ್ಟ್‌ಗಳ ಪಟ್ಟಿಯಿಂದ ಅದು ಸರಿದು ಹೋಗುವುದರಿಂದ ಉದ್ದದ ಪಟ್ಟಿಯ ತೊಂದರೆಯೂ ತೀರಿತು. ಇಷ್ಟು ಮಾಡಿದ ಮೇಲೆ ಅಚ್ಚುಕಟ್ಟಿನ ಹುರುಪಿನಲ್ಲಿ ಸದಸ್ಯರನ್ನೆಲ್ಲ ಪ್ರಾಜೆಕ್ಟಿನಿಂದ ತೆಗೆಯುವವರಿದ್ದಾರೆ. ಪ್ರಾಜೆಕ್ಟ್ ಖಾಸಗಿಯಾಗಿದ್ದರೆ ಅಲ್ಲಿಗೆ ಮತ್ತೆ ಕತ್ತಲು: ಮುಚ್ಚಿದ್ದು ಸರಿ, ನೋಡುವ ಹಕ್ಕು ಅಡ್ಮಿನ್ ಬಿಟ್ಟರೆ ಯಾರಿಗೂ ಇಲ್ಲ. ಕಡೇ ಪಕ್ಷ ಇಬ್ಬರಿಗೆ ಓದುವ ಹಕ್ಕು ಉಳಿಸಬೇಕು.

ಕೆಲಸ ಬಿಟ್ಟು ಹೋದವರ ಖಾತೆಯ ವಿಷಯದಲ್ಲೂ ಇದೇ ಹುರುಪು ತೊಂದರೆ ಕೊಡುತ್ತದೆ. ರೆಡ್‌ಮೈನ್‌ನಲ್ಲಿ ಬಳಕೆದಾರರ ಖಾತೆ ಅಳಿಸಿದರೆ ಅವರು ಬರೆದದ್ದೆಲ್ಲ ಉಳಿಯುತ್ತದೆ, ಬರೆದವರ ಹೆಸರಿನ ಜಾಗದಲ್ಲಿ ಮಾತ್ರ `Anonymous` ಎಂದು ಬರುತ್ತದೆ. "ಸಂಘದವರೊಂದಿಗೆ ಮಾತಾಡಿದೆ, ಪೈಸೆ ಮುಂದಕ್ಕೆ ಒಯ್ಯಲು ಒಪ್ಪಿದ್ದಾರೆ" ಎಂಬ ಕಮೆಂಟು ಸಿಕ್ಕಿತು, ಬರೆದವರು ಯಾರು ಎಂಬುದು ಸಿಗಲಿಲ್ಲ. ತಪಾಸಣೆಗೆ ಬಂದವರಿಗೆ ಇದರಿಂದ ಅರ್ಧ ಉತ್ತರವಷ್ಟೇ. ಖಾತೆಯನ್ನು ಅಳಿಸದೆ ಲಾಕ್ ಮಾಡಿದರೆ ಲಾಗಿನ್ ನಿಲ್ಲುತ್ತದೆ, ಹೆಸರು ಇರುತ್ತದೆ.

ಇನ್ನು ಹುಡುಕಾಟ. ಟಿಕೆಟ್ ಇದ್ದ ಮಾತ್ರಕ್ಕೆ ಸಿಗುತ್ತದೆ ಎಂದೇನಿಲ್ಲ. ರೆಡ್‌ಮೈನ್ ಶೀರ್ಷಿಕೆ, ವಿವರಣೆ, ಕಮೆಂಟುಗಳಲ್ಲಿ ಅಕ್ಷರಕ್ಕೆ ಅಕ್ಷರ ಹೊಂದಿಸಿ ಹುಡುಕುತ್ತದೆ. ಲಗತ್ತಿಸಿದ ಫೈಲುಗಳಲ್ಲಿ ಹೆಸರು ಮತ್ತು ಅದಕ್ಕೆ ಬರೆದ ವಿವರಣೆಯನ್ನಷ್ಟೇ ನೋಡುತ್ತದೆ, ಒಳಗಿರುವುದನ್ನು ಓದುವುದಿಲ್ಲ. ಒಪ್ಪಿಗೆಯ ಪತ್ರ `scan0042.pdf` ಎಂಬ ಹೆಸರಿನಲ್ಲಿದ್ದರೆ ಅದು ಹುಡುಕಾಟಕ್ಕೆ ಇಲ್ಲದ್ದೇ. ನಮ್ಮಲ್ಲಿ ಇನ್ನೊಂದು ತೊಡಕು: ಒಬ್ಬರು ಪೈಸೆ ರೌಂಡಿಂಗ್ ಎಂದು ಕನ್ನಡದಲ್ಲಿ ಬರೆದರೆ ಇನ್ನೊಬ್ಬರು `rounding` ಎನ್ನುತ್ತಾರೆ, ಮೂರನೆಯವರು `paise issue` ಎಂದು ಮುಗಿಸುತ್ತಾರೆ. ಆದ್ದರಿಂದ ಮುಚ್ಚುವ ವಾರದಲ್ಲಿ ಮಾಡಬಹುದಾದ ಅತ್ಯಂತ ಲಾಭದ ಕೆಲಸವೆಂದರೆ, ಹಣ, ದರ, ಒಪ್ಪಿಗೆಗೆ ಸಂಬಂಧಿಸಿದ ನಲವತ್ತೋ ಐವತ್ತೋ ಟಿಕೆಟ್‌ಗಳನ್ನು ಆರಿಸಿ ಪ್ರತಿಯೊಂದರ ಕೊನೆಗೆ ಒಂದು ಕಮೆಂಟು ಸೇರಿಸುವುದು: ಏನು ತೀರ್ಮಾನವಾಯಿತು, ಯಾರು ಒಪ್ಪಿದರು, ಯಾವ ತಾರೀಖು, ಪತ್ರದ ಸಾರ ಏನು, ಜೊತೆಗೆ ಜನ ಹುಡುಕಬಹುದಾದ ಎರಡು ಮೂರು ಪದ. ಎಲ್ಲ 1,812ಕ್ಕೂ ಮಾಡಲು ಹೊರಟರೆ ಯಾರೂ ಮುಗಿಸುವುದಿಲ್ಲ.

ತೆರೆದೇ ಇರುವ ಟಿಕೆಟ್‌ಗಳನ್ನೂ ಆ ವಾರದಲ್ಲೇ ಇತ್ಯರ್ಥ ಮಾಡಬೇಕು. ಪ್ರಾಜೆಕ್ಟ್ ಮುಚ್ಚಿದರೆ ಅವು ತಾವಾಗಿ ಮುಚ್ಚುವುದಿಲ್ಲ, ಅದೇ ಸ್ಥಿತಿಯಲ್ಲಿ ಗಟ್ಟಿಯಾಗುತ್ತವೆ. ಮುಂದೆ ನೋಡಿದವರಿಗೆ ಅದು ಮರೆತ ಕೆಲಸವೋ ಬೇಡವೆಂದು ಬಿಟ್ಟದ್ದೋ ತಿಳಿಯದು.

ಕೆಲವರು ಟ್ರ್ಯಾಕರ್ ಮೇಲೆ ನಂಬಿಕೆ ಇಡದೆ ಎಲ್ಲವನ್ನೂ ಸಿಎಸ್‌ವಿ ಫೈಲಿಗೆ ಇಳಿಸಿಕೊಳ್ಳುತ್ತಾರೆ. ಅಲ್ಲಿ ಎರಡು ಗುಂಡಿಗಳಿವೆ, ಗುಂಡಿ ಎಂದರೆ ಬೀಳುವ ಗುಂಡಿ. ಟಿಕೆಟ್ ಪಟ್ಟಿ ಸುಮ್ಮನೆ ತೆರೆದಾಗ ತೆರೆದಿರುವ ಟಿಕೆಟ್‌ಗಳನ್ನಷ್ಟೇ ತೋರಿಸುತ್ತದೆ. ಎಲ್ಲ ಮುಗಿದ ಪ್ರಾಜೆಕ್ಟಿನಲ್ಲಿ ಅದು ಹೆಚ್ಚುಕಡಿಮೆ ಖಾಲಿ. ಫಿಲ್ಟರ್ ತೆಗೆದರೂ ಒಮ್ಮೆಗೆ ಇಳಿಯುವ ಸಾಲುಗಳಿಗೆ ಮೊದಲಿನಿಂದಲೇ 500ರ ಮಿತಿ ಹಾಕಿರುತ್ತದೆ, ಅಡ್ಮಿನ್ ಅದನ್ನು ಏರಿಸಬೇಕು. ಪರೀಕ್ಷೆ ಸುಲಭ: ಪಟ್ಟಿಯ ಅಡಿಯಲ್ಲಿ ಕಾಣುವ ಒಟ್ಟು ಸಂಖ್ಯೆಗೂ ಫೈಲಿನ ಸಾಲುಗಳಿಗೂ ತಾಳೆ ನೋಡುವುದು. ಇಷ್ಟಾದರೂ ಸಿಎಸ್‌ವಿಯಲ್ಲಿ ಚರ್ಚೆ ಪೂರ್ತಿ ಬರುವುದಿಲ್ಲ. ಅದು ಬೇಕಿದ್ದರೆ ಎಪಿಐ ಮೂಲಕ ಮೊದಲು ಪಟ್ಟಿ, ಆಮೇಲೆ ಒಂದೊಂದೇ ಟಿಕೆಟ್ ಕೇಳಬೇಕು:

```
GET /issues.json?project_id=batavade&status_id=*&limit=100&offset=0
GET /issues/1184.json?include=journals,attachments
```

`status_id=*` ಬಿಟ್ಟರೆ ಇಲ್ಲೂ ಮುಚ್ಚಿದ ಟಿಕೆಟ್‌ಗಳು ಬರುವುದಿಲ್ಲ. ಒಂದು ಸಲಕ್ಕೆ ನೂರೇ ಟಿಕೆಟ್ ಸಿಗುವುದರಿಂದ `offset` ಅನ್ನು ನೂರು ನೂರು ಏರಿಸುತ್ತ ಹೋಗಬೇಕು. ನಮ್ಮ ಉದಾಹರಣೆಗೆ ಹತ್ತೊಂಬತ್ತು ಸಲ.

ಈಗ ಉಲ್ಟಾ ಪ್ರಶ್ನೆ: ಎಷ್ಟು ಕಾಲ ಇಡಬೇಕು, ಯಾವುದನ್ನು ಇಡಲೇಬಾರದು? ಕಂಪನಿ ಕಾಯ್ದೆ, 2013ರ 128ನೇ ಕಲಂ ಪ್ರಕಾರ ಲೆಕ್ಕಪುಸ್ತಕ, ವೋಚರ್‌ಗಳನ್ನು ಎಂಟು ಹಣಕಾಸು ವರ್ಷ ಉಳಿಸಬೇಕು. ಟ್ರ್ಯಾಕರ್‌ನಲ್ಲಿ ದಾಖಲಿಸಿದ ಗಂಟೆಗಳ ಮೇಲೆ ಗಿರಾಕಿಗೆ ಬಿಲ್ ಹಾಕಿದ್ದರೆ ಆ ಗಂಟೆಗಳೂ ಬಿಲ್ಲಿನ ಆಧಾರವೇ, ಅವನ್ನು ಅಷ್ಟೇ ಕಾಲ ಇಡುವುದು ಜಾಣತನ. ಇನ್ನೊಂದು ಕಡೆಯಿಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಎಳೆಯುತ್ತದೆ: ಉದ್ದೇಶ ತೀರಿದ ಮೇಲೆ, ಬೇರೆ ಕಾನೂನು ಇಡಬೇಕೆನ್ನದ ಹೊರತು, ಜನರ ಮಾಹಿತಿ ಅಳಿಸಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ನಮ್ಮ ಹಾಲಿನ ಸಂಘದ ಟಿಕೆಟ್‌ಗಳಲ್ಲಿ ರೈತರ ಫೋನ್ ನಂಬರ್, ಪಾಸ್‌ಬುಕ್ಕಿನ ಫೋಟೊ ಧಾರಾಳ ಇವೆ. ದುಡ್ಡು ಜಮಾ ಆಗಲಿಲ್ಲ ಎಂಬ ದೂರಿಗೆ ಅದನ್ನೇ ತಾನೇ ಲಗತ್ತಿಸುವುದು? ದೋಷ ಸರಿಹೋದ ಮೇಲೆ ಆ ಫೋಟೊ ಅಲ್ಲಿರಲು ಕಾರಣವಿಲ್ಲ. ತೀರ್ಮಾನ ಇರಲಿ, ಪಾಸ್‌ಬುಕ್ ಹೋಗಲಿ ಎಂದು ಬೇರ್ಪಡಿಸುವುದೇ ಇಲ್ಲಿನ ನಿಜವಾದ ಶ್ರಮ. ಪ್ರಾಜೆಕ್ಟ್ ಮುಚ್ಚಿದ ಮೇಲೆ ತಿದ್ದಲಾಗದು, ಹಾಗಾಗಿ ಇದನ್ನು ಮೊದಲೇ ಮಾಡಬೇಕು.

ಮಾಡುವಾಗ ರೆಡ್‌ಮೈನ್‌ನ ನೆನಪಿನ ಶಕ್ತಿ ಅಡ್ಡ ಬರುತ್ತದೆ. ವಿವರಣೆಯಲ್ಲಿದ್ದ ಫೋನ್ ನಂಬರನ್ನು ಅಳಿಸಿ ಸೇವ್ ಮಾಡಿದರೆ ಪುಟದಲ್ಲಿ ಅದು ಮಾಯ, ಆದರೆ ಇತಿಹಾಸದಲ್ಲಿ "ವಿವರಣೆ ಬದಲಾಗಿದೆ" ಎಂಬ ಸಾಲಿನ ಪಕ್ಕದ `diff` ಒತ್ತಿದರೆ ಹಳೆಯ ಪಠ್ಯ ನಂಬರ್ ಸಮೇತ ಎದ್ದು ನಿಲ್ಲುತ್ತದೆ. ಲಗತ್ತು ಅಳಿಸಿದರೂ ಇಂಥ ಹೆಸರಿನ ಫೈಲನ್ನು ತೆಗೆಯಲಾಗಿದೆ ಎಂಬ ಸಾಲು ಉಳಿಯುತ್ತದೆ. ಫೈಲಿನ ಹೆಸರಲ್ಲೇ ರೈತರ ಹೆಸರು, ಖಾತೆ ನಂಬರ್ ಇದ್ದರೆ ಅಳಿಸಿದ ಪ್ರಯೋಜನ ಅರ್ಧ. ಇಂಥ ಟಿಕೆಟ್‌ಗಳಿಗೆ ಒಂದು ದಾರಿಯಿದೆ: ಶುದ್ಧ ಮಾಡಿದ ಪಠ್ಯದಿಂದ ಹೊಸ ಟಿಕೆಟ್ ಬರೆದು, ತೀರ್ಮಾನವನ್ನೂ ಹಳೆಯ ನಂಬರನ್ನೂ ಅದರಲ್ಲಿ ನಮೂದಿಸಿ, ಹಳೆಯದನ್ನು ಪೂರ್ತಿ ಅಳಿಸುವುದು. ಅಳಿಸುವ ಮೊದಲು ಗಿರಾಕಿಯೊಂದಿಗೆ ತಕರಾರು ನಡೆಯುತ್ತಿಲ್ಲವೇ ಎಂದು ವಕೀಲರನ್ನು ಕೇಳಬೇಕು. ನಡೆಯುತ್ತಿದ್ದರೆ ಏನನ್ನೂ ಮುಟ್ಟಬಾರದು. ತಕರಾರು ಇಲ್ಲದಿದ್ದರೂ ಕರಾರಿನ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇರುವುದು ನೆನಪಿರಲಿ.

ಉಳಿದದ್ದು ಬ್ಯಾಕಪ್. ರೆಡ್‌ಮೈನ್‌ನ ಬರಹವೆಲ್ಲ ಡೇಟಾಬೇಸಿನಲ್ಲಿ, ಲಗತ್ತುಗಳು ಡಿಸ್ಕಿನ `files` ಫೋಲ್ಡರಿನಲ್ಲಿ. ಡೇಟಾಬೇಸನ್ನಷ್ಟೇ ಉಳಿಸಿದರೆ ಟಿಕೆಟ್ ತೆರೆಯುತ್ತದೆ, ಫೈಲ್ ತೆರೆಯುವುದಿಲ್ಲ. ಆ ಫೋಲ್ಡರ್ ವಿಂಗಡವಾಗಿರುವುದು ವರ್ಷ, ತಿಂಗಳಿನ ಪ್ರಕಾರ, ಪ್ರಾಜೆಕ್ಟಿನ ಪ್ರಕಾರ ಅಲ್ಲ. ಹಾಗಾಗಿ ಒಂದೇ ಪ್ರಾಜೆಕ್ಟಿನ ಲಗತ್ತನ್ನು ಬ್ಯಾಕಪ್ಪಿನಿಂದ ಎತ್ತಿ ತೆಗೆಯುವುದು ಸುಲಭವಲ್ಲ. ಇವತ್ತು ಅಳಿಸಿದ ಪಾಸ್‌ಬುಕ್ ಫೋಟೊ ಹಳೆಯ ಬ್ಯಾಕಪ್‌ಗಳಲ್ಲಿ ಅವುಗಳ ಅವಧಿ ಮುಗಿಯುವವರೆಗೆ ಇದ್ದೇ ಇರುತ್ತದೆ. ಅಷ್ಟರೊಳಗೆ ಸರ್ವರ್ ಕೆಟ್ಟು ಹಳೆಯ ಬ್ಯಾಕಪ್ ಹಾಕಬೇಕಾಗಿ ಬಂದರೆ ಅಳಿಸಿದ್ದೆಲ್ಲ ವಾಪಸ್ ಬರುತ್ತದೆ. ಆ ದಿನಕ್ಕೆಂದು ಅಳಿಸಿದ ಟಿಕೆಟ್ ನಂಬರ್, ಲಗತ್ತಿನ ನಂಬರ್‌ಗಳ ಪಟ್ಟಿಯನ್ನು ಟ್ರ್ಯಾಕರ್‌ನ ಹೊರಗೆ ಇಟ್ಟಿರಬೇಕು. ನಂಬರ್ ಮಾತ್ರ, ಹೆಸರು ಬೇಡ. ಬ್ಯಾಕಪ್ ಹಾಕಿದ ಕೂಡಲೇ, ಜನರಿಗೆ ಲಾಗಿನ್ ಬಿಡುವ ಮುಂಚೆ, ಆ ಪಟ್ಟಿ ಹಿಡಿದು ಇನ್ನೊಮ್ಮೆ ಅಳಿಸಬೇಕು.